ಹತ್ತು ಬಾರ್ ಅಂತ ಬರೆದ ತೂಕ ಬೆಂಗಳೂರಿನಲ್ಲಿ ಎಷ್ಟು ಬಾರ್?

ಒಂದು ಪ್ರೆಶರ್ ಟ್ರಾನ್ಸ್‌ಮಿಟರ್ ತಗೊಳ್ಳೋಣ. ಅದರ ರೇಂಜ್ 0ರಿಂದ 10 ಬಾರ್, ಔಟ್‌ಪುಟ್ 4ರಿಂದ 20 ಮಿಲಿಆಂಪ್. ಅಂದರೆ ಒಂದು ಬಾರ್ ಒತ್ತಡ ಹೆಚ್ಚಾದರೆ ಕರೆಂಟ್ 1.6 ಮಿಲಿಆಂಪ್ ಏರಬೇಕು. ಇದಕ್ಕೆ ಕೊಟ್ಟಿರುವ ಮಿತಿ ಸ್ಪಾನ್‌ನ ಶೇಕಡಾ 0.25. ಸ್ಪಾನ್ 16 ಮಿಲಿಆಂಪ್ ಆದ್ದರಿಂದ ಈ ಮಿತಿಯನ್ನು ಕರೆಂಟಿನಲ್ಲಿ ಹೇಳಿದರೆ 0.040 ಮಿಲಿಆಂಪ್. ಈಗ ಇದನ್ನು ಡೆಡ್‌ವೆಯ್ಟ್ ಟೆಸ್ಟರ್‌ಗೆ ಜೋಡಿಸಿ, 10 ಬಾರ್‌ನಷ್ಟು ಬಿಲ್ಲೆಗಳನ್ನು ಹೇರಿದಾಗ ಮೀಟರ್ ತೋರಿಸಿದ್ದು 19.955. ಇರಬೇಕಾದ್ದು 20.000. ಕೊರತೆ 0.045, ಮಿತಿಗಿಂತ ಸ್ವಲ್ಪವೇ ಸ್ವಲ್ಪ ಹೆಚ್ಚು. ಸ್ಪಾನ್ ಸ್ಕ್ರೂವನ್ನು ಒಂಚೂರು ತಿರುಗಿಸಿದರೆ 20.000 ಬಂದೇ ಬಿಡುತ್ತೆ, ಕೆಲಸ ಮುಗೀತು ಅನ್ಸುತ್ತೆ. ಆ ಸ್ಕ್ರೂವನ್ನು ಯಾಕೆ ಮುಟ್ಟಬಾರದು ಅನ್ನೋದೇ ಈ ಬರಹದ ವಿಷಯ.

ಮೊದಲು ಡೆಡ್‌ವೆಯ್ಟ್ ಟೆಸ್ಟರ್ ಏನು ಮಾಡುತ್ತೆ ಅಂತ ನೋಡೋಣ. ಒಂದು ಸಿಲಿಂಡರ್, ಅದರೊಳಗೆ ತೀರಾ ನಿಖರವಾಗಿ ಹೊಂದಿಕೊಂಡ ಪಿಸ್ಟನ್, ಕೆಳಗೆ ಎಣ್ಣೆ. ಪಿಸ್ಟನ್ ತಲೆಯ ಮೇಲೆ ಬಿಲ್ಲೆಗಳನ್ನು ಇಟ್ಟು, ಪಕ್ಕದ ಕೈಚಕ್ರ ತಿರುಗಿಸಿದರೆ ಎಣ್ಣೆ ಒತ್ತಿಕೊಂಡು ಪಿಸ್ಟನ್ನನ್ನು ಮೇಲಕ್ಕೆತ್ತುತ್ತೆ. ಪಿಸ್ಟನ್ ಮೇಲೂ ತಾಗದೆ ಕೆಳಗೂ ತಾಗದೆ ಎಣ್ಣೆಯ ಮೇಲೆ ತೇಲಿದಾಗ, ಕೆಳಗಿನ ಎಣ್ಣೆಯ ಒತ್ತಡ ಮೇಲಿನ ಭಾರಕ್ಕೆ ಸರಿಸಮ.

P = m·g / A

ಇಷ್ಟೇ ಸೂತ್ರ. ಇದರಲ್ಲಿ ಸ್ಪ್ರಿಂಗ್ ಇಲ್ಲ, ಸೆನ್ಸರ್ ಇಲ್ಲ, ಬ್ಯಾಟರಿ ಇಲ್ಲ. ದ್ರವ್ಯರಾಶಿ, ಗುರುತ್ವ, ಪಿಸ್ಟನ್ನಿನ ಅಡ್ಡಕೊಯ್ತದ ವಿಸ್ತೀರ್ಣ, ಈ ಮೂರೇ. ಅದಕ್ಕೇ ಒತ್ತಡ ಅಳೆಯೋರು ಇದನ್ನು ಇಷ್ಟು ನಂಬೋದು. ಆದರೆ ಬಿಲ್ಲೆಯ ಮೇಲೆ ಕೆತ್ತಿರುವುದು ಕಿಲೋಗ್ರಾಂ ಅಲ್ಲ, ಬಾರ್. ಅಂದರೆ ತಯಾರಕರು g ಎಷ್ಟು ಅಂತ ತಾವೇ ಒಂದು ಬೆಲೆ ಹಿಡಿದು ಲೆಕ್ಕ ಮಾಡಿ ಕೆತ್ತಿಬಿಟ್ಟಿದ್ದಾರೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನು ಜೋಡಣೆ. ಟೆಸ್ಟರ್‌ನ ತಳ ಸಮವಾಗಿರಬೇಕು, ಅದಕ್ಕೆ ರಸಮಟ್ಟ ಇಟ್ಟು ನಾಲ್ಕು ಕಾಲಿನ ಸ್ಕ್ರೂ ಹೊಂದಿಸಬೇಕು. ಪಿಸ್ಟನ್ ವಾಲಿದರೆ ಸಿಲಿಂಡರ್ ಗೋಡೆಗೆ ಉಜ್ಜುತ್ತೆ, ಭಾರವೂ ಪೂರ್ತಿ ನೆಟ್ಟಗೆ ಇಳಿಯಲ್ಲ. ಎಣ್ಣೆ ತುಂಬಿದ ಮೇಲೆ ಗಾಳಿ ತೆಗೆಯೋದು ಮುಖ್ಯ. ಒಳಗೆ ಗಾಳಿಗುಳ್ಳೆ ಉಳಿದಿದ್ದರೆ ಕೈಚಕ್ರ ಸ್ಪಂಜು ಹಿಂಡಿದ ಹಾಗೆ ಮೆತ್ತಗೆ ತಿರುಗುತ್ತೆ, ಎಷ್ಟು ತಿರುಗಿಸಿದರೂ ಪಿಸ್ಟನ್ ಏಳೋದಿಲ್ಲ. ಗಾಳಿ ಹೋಗಿದ್ದರೆ ಸ್ವಲ್ಪ ತಿರುಗಿಸುತ್ತಲೇ ಬಿಗಿ ಗೊತ್ತಾಗುತ್ತೆ. ಟ್ರಾನ್ಸ್‌ಮಿಟರ್‌ಗೆ 24 ವೋಲ್ಟ್ ಸಪ್ಲೈ ಕೊಟ್ಟು, ಲೂಪ್‌ನಲ್ಲಿ ಮಿಲಿಆಂಪ್ ಮೀಟರ್ ಸೇರಿಸಿ, ಅರ್ಧ ಗಂಟೆ ಹಾಗೇ ಬಿಡಬೇಕು. ಎಲೆಕ್ಟ್ರಾನಿಕ್ಸ್ ಬಿಸಿಯಾಗಿ ಒಂದು ಹದಕ್ಕೆ ಬರಲಿ. (ಆಕ್ಸಿಜನ್ ಲೈನ್‌ಗೆ ಹೋಗೋ ಟ್ರಾನ್ಸ್‌ಮಿಟರ್ ಆದರೆ ಎಣ್ಣೆಯ ಟೆಸ್ಟರ್ ಹತ್ತಿರವೂ ತರಬೇಡಿ. ಒತ್ತಡದ ಆಕ್ಸಿಜನ್‌ಗೆ ಎಣ್ಣೆಯ ಪಸೆ ಸಿಕ್ಕರೆ ಬೆಂಕಿ ಹತ್ತಿಕೊಳ್ಳುತ್ತೆ.)

ಎತ್ತರವೂ ಲೆಕ್ಕಕ್ಕೆ ಬರುತ್ತೆ. ಟ್ರಾನ್ಸ್‌ಮಿಟರ್‌ನ ಡಯಾಫ್ರಾಮ್ ಪಿಸ್ಟನ್ನಿನ ತಳಕ್ಕಿಂತ ಮೇಲಿದ್ದರೆ, ನಡುವಿನ ಎಣ್ಣೆಯ ಕಂಬದಷ್ಟು ಒತ್ತಡ ಅಲ್ಲಿಗೆ ಕಡಿಮೆ ತಲುಪುತ್ತೆ. ಸಾಮಾನ್ಯ ಎಣ್ಣೆಗೆ ಒಂದು ಸೆಂಟಿಮೀಟರ್ ಎತ್ತರ ಅಂದರೆ ಸುಮಾರು 84 ಪಾಸ್ಕಲ್. ಹನ್ನೆರಡು ಸೆಂಟಿಮೀಟರ್ ಆದರೆ 0.01 ಬಾರ್, ಅಂದರೆ ನಮ್ಮ ಸ್ಪಾನ್‌ನ ಶೇಕಡಾ 0.1. ಇದೇ ಹನ್ನೆರಡು ಸೆಂಟಿಮೀಟರ್ 1 ಬಾರ್ ರೇಂಜಿನ ಟ್ರಾನ್ಸ್‌ಮಿಟರ್‌ಗೆ ಶೇಕಡಾ 1 ಆಗಿಬಿಡುತ್ತೆ. ಲೆಕ್ಕ ಹಾಕಿ ತಿದ್ದಬಹುದು. ನಾವು ಸುಲಭದ ದಾರಿ ಹಿಡಿದೆವು. ಅಡಿಗೆ ಮರದ ಹಲಗೆ ಕೊಟ್ಟು ಎರಡನ್ನೂ ಒಂದೇ ಮಟ್ಟಕ್ಕೆ ತಂದೆವು.

ರೀಡಿಂಗ್ ತೆಗೆಯೋ ಮೊದಲು ಟ್ರಾನ್ಸ್‌ಮಿಟರ್‌ಗೆ ಎರಡು ಮೂರು ಸಲ ಸೊನ್ನೆಯಿಂದ 10 ಬಾರ್‌ವರೆಗೆ ಹತ್ತಿಸಿ ಇಳಿಸಬೇಕು. ಸುಮ್ಮನೆ ಬಿದ್ದಿದ್ದ ಡಯಾಫ್ರಾಮ್‌ಗೆ ಅದೊಂದು ಮೈಮುರಿಯುವ ಕಸರತ್ತು. ಇದನ್ನು ಬಿಟ್ಟರೆ ಮೊದಲನೇ ಸುತ್ತಿನ ರೀಡಿಂಗ್ ಎರಡನೇ ಸುತ್ತಿಗೆ ಹೊಂದದೇ ಇರಬಹುದು.

ಈಗ ಝೀರೋ. ಬಿಲ್ಲೆಗಳನ್ನೆಲ್ಲ ತೆಗೆದರೆ ಸೊನ್ನೆ ಒತ್ತಡ ಅಂತ ಅಂದುಕೊಳ್ಳೋದು ಸಹಜ, ಆದರೆ ಅದು ಸರಿಯಲ್ಲ. ಪಿಸ್ಟನ್‌ಗೂ ಬಿಲ್ಲೆ ಇಡುವ ತಟ್ಟೆಗೂ ತಮ್ಮದೇ ಭಾರ ಇದೆ. ನಮ್ಮ ಟೆಸ್ಟರ್‌ನಲ್ಲಿ ಅದೇ 0.5 ಬಾರ್. ಅದಕ್ಕಿಂತ ಕಡಿಮೆ ಒತ್ತಡವನ್ನು ಈ ಪಿಸ್ಟನ್ ಕೊಡಲಾರದು. ಆದ್ದರಿಂದ ಝೀರೋ ನೋಡೋಕೆ ಟ್ರಾನ್ಸ್‌ಮಿಟರ್ ಪಕ್ಕದ ಜಾಯಿಂಟನ್ನು ಸಡಿಲಿಸಿ ವಾತಾವರಣಕ್ಕೆ ತೆರೆಯಬೇಕು. ಆಗ ಗೇಜ್ ಟ್ರಾನ್ಸ್‌ಮಿಟರ್‌ಗೆ ಎರಡೂ ಕಡೆ ಅದೇ ಗಾಳಿಯ ಒತ್ತಡ ಸಿಗುತ್ತೆ. ಟ್ರಾನ್ಸ್‌ಮಿಟರನ್ನು ಪ್ಲಾಂಟ್‌ನಲ್ಲಿ ಯಾವ ಭಂಗಿಯಲ್ಲಿ ಕೂರಿಸ್ತಾರೋ ಅದೇ ಭಂಗಿಯಲ್ಲಿ ಇಲ್ಲೂ ಇಡಬೇಕು. ಮಲಗಿಸಿದರೆ ಅದರೊಳಗೆ ತುಂಬಿರುವ ದ್ರವದ ಭಾರ ಡಯಾಫ್ರಾಮ್ ಮೇಲೆ ಬೇರೆ ಥರ ಬಿದ್ದು ಝೀರೋ ಸರಿಯುತ್ತೆ.

ಉಳಿದ ಬಿಂದುಗಳು 2.5, 5, 7.5 ಮತ್ತು 10 ಬಾರ್. ಮೊದಲು ಏರುತ್ತಾ, ಆಮೇಲೆ ಇಳಿಯುತ್ತಾ. ಇಲ್ಲೇ ಕೈಯ ಹದ ಬೇಕಾಗೋದು. ಹಿಸ್ಟರೆಸಿಸ್ ಅಂದರೆ ಒಂದೇ ಒತ್ತಡಕ್ಕೆ ಕೆಳಗಿನಿಂದ ಬಂದರೆ ಒಂದು ರೀಡಿಂಗ್, ಮೇಲಿನಿಂದ ಬಂದರೆ ಇನ್ನೊಂದು. ಹಾಗಾಗಿ ಏರುವ ಸುತ್ತಿನಲ್ಲಿ ಪ್ರತಿ ಬಿಂದುವಿಗೂ ಕೆಳಗಿನಿಂದಲೇ ಬರಬೇಕು, ಒಂದು ಕ್ಷಣವೂ ಅದನ್ನು ದಾಟಬಾರದು. ಬಿಲ್ಲೆಯನ್ನು ಧೊಪ್ಪಂತ ಹಾಕದೆ ಮೆಲ್ಲಗೆ ಇಟ್ಟು, ಕೈಚಕ್ರವನ್ನು ನಿಧಾನವಾಗಿ ತಿರುಗಿಸಿ ಪಿಸ್ಟನ್ ತೇಲಿಸಬೇಕು. ತಿರುಗಿಸೋದು ಹೆಚ್ಚಾಗಿ ಪಿಸ್ಟನ್ ಮೇಲಿನ ತಡೆಗೆ ಹೋಗಿ ತಾಗಿತು ಅನ್ನಿ, ಅಲ್ಲಿಂದಾಚೆಗೆ ಬಿಲ್ಲೆಗೂ ಒತ್ತಡಕ್ಕೂ ಸಂಬಂಧ ಇಲ್ಲ. ಎಣ್ಣೆ ಒತ್ತಡ ಏರುತ್ತಲೇ ಹೋಗುತ್ತೆ. ಆಮೇಲೆ ಚಕ್ರ ಹಿಂದಕ್ಕೆ ತಿರುಗಿಸಿ ಪಿಸ್ಟನ್ ತೇಲಿಸಿದರೂ ಅದು ಮೇಲಿನಿಂದ ಬಂದ ರೀಡಿಂಗ್ ಆಯ್ತು. ಆ ಬಿಂದುವನ್ನು ಬಿಟ್ಟು, ಹಿಂದಿನ ಬಿಂದುವಿಗೆ ಇಳಿದು, ಮತ್ತೆ ಹತ್ತಬೇಕು.

ಇಳಿಯುವಾಗ ಇದೇ ಕಥೆ ತಲೆಕೆಳಗು. ಬಿಲ್ಲೆ ತೆಗೆದ ಕೂಡಲೇ ಪಿಸ್ಟನ್ ಮೇಲಿನ ತಡೆಗೆ ಹಾರುತ್ತೆ, ಅದು ಇರಲಿ, ಒತ್ತಡ ಇನ್ನೂ ಮೇಲೇ ಇದೆ. ಚಕ್ರವನ್ನು ಹಿಂದಕ್ಕೆ ತಿರುಗಿಸುತ್ತಾ ಬಂದರೆ ಪಿಸ್ಟನ್ ಇಳಿದು ತೇಲುತ್ತೆ. ಆದರೆ ಅದು ಕೆಳಗಿನ ತಡೆಯ ಮೇಲೆ ಕೂತುಬಿಟ್ಟರೆ ಒತ್ತಡ ಬಿಂದುವಿಗಿಂತ ಕೆಳಗೆ ಹೋದ ಹಾಗೆ. ಆ ರೀಡಿಂಗ್ ಕೂಡ ಕೆಟ್ಟಿತು.

ತೇಲಿದ ಮೇಲೆ ಬಿಲ್ಲೆಗಳನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ ಬಿಡಬೇಕು. ತಿರುಗುತ್ತಿರುವ ಪಿಸ್ಟನ್ ಮತ್ತು ಗೋಡೆಯ ನಡುವೆ ಎಣ್ಣೆಯ ಪದರ ನಿಲ್ಲುತ್ತೆ, ಮೇಲೆ ಕೆಳಗೆ ಜರುಗಲು ಘರ್ಷಣೆ ಅಡ್ಡ ಬರೋದಿಲ್ಲ. ಈ ತಿರುಗಾಟವೇ ಟೆಸ್ಟರ್‌ನ ಆರೋಗ್ಯವನ್ನೂ ಹೇಳುತ್ತೆ. ಚೊಕ್ಕವಾಗಿದ್ದರೆ ಬಿಲ್ಲೆಗಳು ನಿಧಾನವಾಗಿ ಸುತ್ತುತ್ತಾ ತುಂಬಾ ಹೊತ್ತು ಇರ್ತವೆ. ಗಕ್ಕಂತ ನಿಂತರೆ ಒಳಗೆ ಕೊಳೆ ಇದೆ, ಬಿಚ್ಚಿ ಒರೆಸಬೇಕು. ಪಿಸ್ಟನ್ ತೇಲುತ್ತಾ ತೇಲುತ್ತಾ ತುಸುವೇ ಇಳಿಯೋದು ಸಹಜ, ಸಂದಿನಲ್ಲಿ ಎಣ್ಣೆ ಒಸರುತ್ತೆ. ಕಣ್ಣೆದುರೇ ಸರಸರ ಇಳಿದರೆ ಮಾತ್ರ ಯಾವುದೋ ಜಾಯಿಂಟ್ ಸೋರ್ತಾ ಇದೆ ಅಂತ ಅರ್ಥ.

ಹೀಗೆ ತೆಗೆದ ರೀಡಿಂಗ್‌ಗಳು ಇವು, ಕರೆಂಟ್ ಎಲ್ಲ ಮಿಲಿಆಂಪ್‌ನಲ್ಲಿ:

| ಬಿಲ್ಲೆಯ ಮೇಲಿನ ಬಾರ್ | ಇರಬೇಕಾದ್ದು | ಏರುವಾಗ | ಇಳಿಯುವಾಗ |
|---|---|---|---|
| 0 | 4.000 | 4.006 | 4.010 |
| 2.5 | 8.000 | 7.992 | 8.000 |
| 5 | 12.000 | 11.975 | 11.987 |
| 7.5 | 16.000 | 15.962 | 15.971 |
| 10 | 20.000 | 19.955 | – |

ಏರುವ ಸಾಲನ್ನು ಮೇಲಿನಿಂದ ಕೆಳಗೆ ಓದಿ. ಕೊರತೆ 2.5 ಬಾರ್‌ನಲ್ಲಿ 0.008, ಐದರಲ್ಲಿ 0.025, ಏಳೂವರೆಯಲ್ಲಿ 0.038, ಹತ್ತರಲ್ಲಿ 0.045. ಒತ್ತಡ ಹೆಚ್ಚಾದ ಹಾಗೆ ಕೊರತೆಯೂ ಹೆಚ್ಚು. ಪುಸ್ತಕದ ಪ್ರಕಾರ ಇದು ಸ್ಪಾನ್ ದೋಷದ ಗುರುತು. ಸ್ಪಾನ್ ಸ್ಕ್ರೂ ಕಡೆ ಕೈ ಹೋಗೋದು ಇಲ್ಲೇ. ನಮ್ಮ ಲ್ಯಾಬ್ ಇನ್‌ಸ್ಟ್ರಕ್ಟರ್ ಸರ್ ಈ ಸಾಲು ನೋಡಿ ಹೇಳಿದ್ದು ಇಷ್ಟೇ: "ಸ್ಕ್ರೂಡ್ರೈವರ್ ಆಮೇಲೆ ತಗೊಳ್ರಪ್ಪ, ಮೊದಲು ಟೆಸ್ಟರ್ ಸರ್ಟಿಫಿಕೇಟ್‌ನಲ್ಲಿ g ಎಷ್ಟು ಬರೆದಿದ್ದಾರೆ ನೋಡಿ."

ಬರೆದಿದ್ದದ್ದು 9.80665. ಇದು 1901ರಲ್ಲಿ ತೂಕ ಅಳತೆಗಳ ಅಂತಾರಾಷ್ಟ್ರೀಯ ಸಮ್ಮೇಳನ ಒಪ್ಪಿಕೊಂಡ ಪ್ರಮಾಣ ಗುರುತ್ವ. ಒಂದು ಒಪ್ಪಂದದ ಸಂಖ್ಯೆ, ಅಷ್ಟೇ. ನಿಜವಾದ ಗುರುತ್ವ ಊರಿಂದ ಊರಿಗೆ ಬೇರೆ. ಭೂಮಿ ಸುತ್ತುವುದರಿಂದಲೂ ಸಮಭಾಜಕದ ಬಳಿ ಉಬ್ಬಿರುವುದರಿಂದಲೂ ಅಲ್ಲಿ g ಕಡಿಮೆ, ಧ್ರುವಗಳ ಕಡೆ ಹೋದ ಹಾಗೆ ಹೆಚ್ಚು. ಎತ್ತರಕ್ಕೆ ಹೋದರೂ ಕಡಿಮೆ. ಬೆಂಗಳೂರು ಸಮಭಾಜಕದಿಂದ ಹದಿಮೂರೇ ಡಿಗ್ರಿ ದೂರ, ಮೇಲಾಗಿ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಎರಡೂ ಸೇರಿ ಇಲ್ಲಿ g ಸುಮಾರು 9.780. ದೆಹಲಿಯಲ್ಲಿ ಅದು 9.791ರ ಹತ್ತಿರ.

9.780ನ್ನು 9.80665ರಿಂದ ಭಾಗಿಸಿದರೆ 0.9973. ಅಂದರೆ ನಮ್ಮ ಪ್ರತಿ ಬಿಲ್ಲೆಯೂ ಇಲ್ಲಿ ತನ್ನ ಮೇಲೆ ಕೆತ್ತಿದ್ದಕ್ಕಿಂತ ಶೇಕಡಾ 0.27 ಕಡಿಮೆ ಒತ್ತುತ್ತೆ. ಪಿಸ್ಟನ್ ವಿಸ್ತೀರ್ಣ ಒಂದು ಚದರ ಸೆಂಟಿಮೀಟರ್ ಅಂತಿಟ್ಟುಕೊಂಡರೆ 10 ಬಾರ್‌ಗೆ 100 ನ್ಯೂಟನ್ ಬೇಕು. ಪ್ರಮಾಣ ಗುರುತ್ವ ಹಿಡಿದು ತಯಾರಕರು ಅದಕ್ಕೆ 10.197 ಕಿಲೋ ಕಬ್ಬಿಣ ಕೊಟ್ಟಿದ್ದಾರೆ. ಅದೇ 10.197 ಕಿಲೋ ಬೆಂಗಳೂರಿನಲ್ಲಿ ಒತ್ತೋದು 99.73 ನ್ಯೂಟನ್ ಮಾತ್ರ. ನಾವು 10 ಬಾರ್ ಅಂದುಕೊಂಡಿದ್ದು ನಿಜಕ್ಕೂ 9.973 ಬಾರ್.

ಈಗ ಟೇಬಲ್‌ನ ಎರಡನೇ ಕಾಲಂ ಬದಲಾಗಬೇಕು. 9.973 ಬಾರ್‌ಗೆ ಇರಬೇಕಾದ ಕರೆಂಟ್ 20 ಅಲ್ಲ, 19.957. ಟ್ರಾನ್ಸ್‌ಮಿಟರ್ ಕೊಟ್ಟದ್ದು 19.955. ಎರಡು ಮೈಕ್ರೊಆಂಪ್ ವ್ಯತ್ಯಾಸ! ಏಳೂವರೆಗೆ ಇರಬೇಕಾದ್ದು 15.967, ಬಂದದ್ದು 15.962. ಐದಕ್ಕೆ 11.978, ಬಂದದ್ದು 11.975. ಎರಡೂವರೆಗೆ 7.989, ಬಂದದ್ದು 7.992. ಏರುತ್ತಾ ಹೋಗುತ್ತಿದ್ದ ಕೊರತೆ ಮಾಯ. ಟ್ರಾನ್ಸ್‌ಮಿಟರ್ ಮೊದಲಿಂದಲೂ ಸರಿಯಾಗೇ ಇತ್ತು, ಹೆಚ್ಚು ಹೇಳುತ್ತಿದ್ದದ್ದು ಬಿಲ್ಲೆ.

ಸ್ಕ್ರೂ ತಿರುಗಿಸಿದ್ದರೆ ಏನಾಗುತ್ತಿತ್ತು? ಝೀರೋ ಮತ್ತು ಸ್ಪಾನ್ ಎರಡನ್ನೂ ಬಿಲ್ಲೆಗೆ ತಕ್ಕ ಹಾಗೆ 4.000 ಮತ್ತು 20.000ಕ್ಕೆ ಕೂರಿಸಿದ್ದರೆ, ನಿಜವಾದ 10 ಬಾರ್‌ಗೆ ಆ ಟ್ರಾನ್ಸ್‌ಮಿಟರ್ 20.044 ಕೊಡುತ್ತಿತ್ತು. ಮಿತಿ 0.040. ಅಂದರೆ ಪಾಸಾಗಿದ್ದ ಉಪಕರಣವನ್ನು ಫೇಲ್ ಮಾಡಿ, ಪಾಸ್ ಅಂತ ಚೀಟಿ ಅಂಟಿಸಿ ಕಳಿಸಿದ ಹಾಗೆ. ಅದೇ ಟೆಸ್ಟರ್‌ನಲ್ಲಿ ಎಷ್ಟು ಸಲ ಪರೀಕ್ಷಿಸಿದರೂ ಈ ತಪ್ಪು ಸಿಕ್ಕಿಬೀಳೋದೇ ಇಲ್ಲ, ಪ್ರತಿ ಸಲವೂ ಚೆಂದದ 20.000 ಬರುತ್ತೆ. ಇದೇ ಇದರ ಕೆಟ್ಟ ಗುಣ.

ಉಲ್ಟಾ ತಪ್ಪೂ ಸಾಧ್ಯ. ಕೆಲವು ತಯಾರಕರು ಗ್ರಾಹಕರ ಊರಿನ g ಕೇಳಿ ಅದಕ್ಕೇ ಬಿಲ್ಲೆ ಸರಿಹೊಂದಿಸಿ ಕೊಡ್ತಾರೆ. ಅಂಥ ಟೆಸ್ಟರ್‌ಗೆ ಈ ತಿದ್ದುಪಡಿಯನ್ನು ಇನ್ನೊಮ್ಮೆ ಹಾಕಿದರೆ ಇದೇ 0.27 ಬೇರೆ ದಿಕ್ಕಿನಲ್ಲಿ ಬರುತ್ತೆ. ಅದಕ್ಕೇ ಮೊದಲು ಸರ್ಟಿಫಿಕೇಟ್ ಓದಬೇಕು ಅನ್ನೋದು. ಬಿಲ್ಲೆಯ ಮೇಲೆ ಬಾರ್ ಬದಲು ಕೆಜಿ ಪ್ರತಿ ಚದರ ಸೆಂಟಿಮೀಟರ್ ಅಂತ ಇದ್ದರೂ ಎಚ್ಚರ ಬೇಕು. ಅದು 0.980665 ಬಾರ್, ಸುಮಾರು ಶೇಕಡಾ 2ರಷ್ಟು ಕಡಿಮೆ. ಆದರೆ ಆ ತಪ್ಪು ದೊಡ್ಡದಾದ್ದರಿಂದ ಬೇಗ ಕಣ್ಣಿಗೆ ಬೀಳುತ್ತೆ. ಗುರುತ್ವದ್ದು ಮಿತಿಯ ಅಂಚಿನಲ್ಲೇ ಅವಿತುಕೊಂಡಿರುತ್ತೆ.

ಗುರುತ್ವ ಮುಟ್ಟಲಾರದ್ದು ಎರಡಿವೆ, ಲೀನಿಯಾರಿಟಿ ಮತ್ತು ಹಿಸ್ಟರೆಸಿಸ್. ಎಲ್ಲ ಒತ್ತಡವೂ ಒಂದೇ ಪಾಲಿನಲ್ಲಿ ಕುಗ್ಗಿದರೆ ನೇರ ಗೆರೆ ನೇರವಾಗೇ ಇರುತ್ತೆ, ಓರೆ ಮಾತ್ರ ಬದಲು. ಆದ್ದರಿಂದ ಇವೆರಡನ್ನೂ ತಿದ್ದುಪಡಿ ಮಾಡದ ರೀಡಿಂಗ್‌ನಿಂದಲೇ ನೋಡಬಹುದು.

ಲೀನಿಯಾರಿಟಿಗೆ ನಾವು ಏರುವ ಸಾಲಿನ ಎರಡು ತುದಿಗಳನ್ನು, ಅಂದರೆ 4.006 ಮತ್ತು 19.955ನ್ನು, ಒಂದು ಗೆರೆಯಿಂದ ಸೇರಿಸಿದೆವು. ಆ ಗೆರೆಯ ಮೇಲೆ ಐದನೇ ಬಾರ್‌ನಲ್ಲಿ 11.9805 ಇರಬೇಕು, ಬಂದದ್ದು 11.975. ಏಳೂವರೆಯಲ್ಲಿ ಗೆರೆ 15.968, ಬಂದದ್ದು 15.962. ಅತಿ ಹೆಚ್ಚಿನ ಬಾಗು 0.006 ಮಿಲಿಆಂಪ್, ಸ್ಪಾನ್‌ನ ಶೇಕಡಾ 0.04ರಷ್ಟು. ಇಲ್ಲಿ ಒಂದು ವಿಷಯ ಗಮನಿಸಬೇಕು. ಟ್ರಾನ್ಸ್‌ಮಿಟರ್ ಬಾಗಿದರೆ ಬಿಲ್ಲಿನ ಹಾಗೆ ನಯವಾಗಿ ಬಾಗುತ್ತೆ, ಅಕ್ಕಪಕ್ಕದ ಬಿಂದುಗಳೂ ಜೊತೆಗೆ ಸರಿಯುತ್ತವೆ. ಒಂದೇ ಬಿಂದು ಹಲ್ಲಿನ ಹಾಗೆ ಹೊರಗೆ ಚಾಚಿದ್ದರೆ ಬಿಲ್ಲೆಯನ್ನೇ ಅನುಮಾನಿಸಿ. ಬೇರೆ ಟೆಸ್ಟರ್‌ನ ಬಿಲ್ಲೆ ಬೆರೆತುಹೋಗಿರಬಹುದು. ಪ್ರತಿ ಬಿಲ್ಲೆಯ ಮೇಲೂ ಸೀರಿಯಲ್ ನಂಬರ್ ಕೆತ್ತಿರೋದು ಇದಕ್ಕೇ.

ಹಿಸ್ಟರೆಸಿಸ್ ಐದು ಬಾರ್‌ನಲ್ಲಿ ಅತಿ ಹೆಚ್ಚು. 11.987ರಲ್ಲಿ 11.975 ಕಳೆದರೆ 0.012, ಸ್ಪಾನ್‌ನ ಶೇಕಡಾ 0.075. ಇಳಿಯುವಾಗಿನದು ಎಲ್ಲ ಬಿಂದುವಿನಲ್ಲೂ ಏರುವಾಗಿನದಕ್ಕಿಂತ ಹೆಚ್ಚಿದೆ, ನಡುವೆ ಜಾಸ್ತಿ, ತುದಿಗಳಲ್ಲಿ ಕಡಿಮೆ. ಲೋಹದ ಡಯಾಫ್ರಾಮ್ ಹಿಂದಿರುಗಲು ಸ್ವಲ್ಪ ಹಿಂಜರಿಯುವಾಗ ಕಾಣೋ ಆಕಾರವೇ ಇದು. ಟೆಸ್ಟರ್‌ನ ಘರ್ಷಣೆಯಿಂದಲೂ ಏರು ಇಳಿತಗಳ ನಡುವೆ ಅಂತರ ಬರಬಹುದಲ್ಲ, ಬೇರೆ ಮಾಡೋದು ಹೇಗೆ? ಇಡೀ ಸುತ್ತನ್ನು ಮೂರು ಸಲ ಮಾಡಬೇಕು. ಘರ್ಷಣೆ ಇದ್ದರೆ ಅಂತರ ಒಂದು ಸಲ ಹೆಚ್ಚು, ಒಂದು ಸಲ ಕಡಿಮೆ, ಬಿಲ್ಲೆ ತಿರುಗಿಸಿದ ರಭಸಕ್ಕೆ ತಕ್ಕ ಹಾಗೆ. ಹಿಸ್ಟರೆಸಿಸ್ ಆದರೆ ಅದೇ ದಿಕ್ಕು, ಹೆಚ್ಚುಕಡಿಮೆ ಅದೇ ಅಳತೆ. ನಮಗೆ ಐದು ಬಾರ್‌ನಲ್ಲಿ ಮೂರು ಸಲವೂ 0.011ರಿಂದ 0.013ರ ಒಳಗೇ ಬಂತು. ಐದು ನಿಮಿಷ ಕಾದರೆ ಅಂತರ ಕರಗುತ್ತಾ ಅಂತಲೂ ನೋಡಬೇಕು. ಕರಗಿದರೆ ಅದು ಹಿಸ್ಟರೆಸಿಸ್ ಅಲ್ಲ, ನಿಧಾನವಾಗಿ ಹದಕ್ಕೆ ಬರೋ ಕ್ರೀಪ್. ನಮ್ಮದು ಕರಗಲಿಲ್ಲ.

ಬಾಗು ಮತ್ತು ಹಿಸ್ಟರೆಸಿಸ್ ಎರಡಕ್ಕೂ ಸ್ಕ್ರೂ ಮದ್ದಲ್ಲ. ಝೀರೋ ಸ್ಕ್ರೂ ಗೆರೆಯನ್ನು ಮೇಲೆ ಕೆಳಗೆ ಸರಿಸುತ್ತೆ, ಸ್ಪಾನ್ ಸ್ಕ್ರೂ ಓರೆ ಬದಲಿಸುತ್ತೆ. ಬಾಗಿದ್ದನ್ನು ಅವು ನೆಟ್ಟಗೆ ಮಾಡಲಾರವು. ಹಿಸ್ಟರೆಸಿಸ್ ಮಿತಿ ಮೀರಿದರೆ ಸೆನ್ಸರ್ ಬದಲಾಯಿಸೋದೇ ದಾರಿ.

ಬಿಟ್ಟುಬಿಟ್ಟ ತಿದ್ದುಪಡಿಗಳೂ ಇವೆ. ಬಿಲ್ಲೆಗಳನ್ನು ಗಾಳಿ ತುಸು ಎತ್ತಿ ಹಿಡಿಯುತ್ತೆ, ಅದರಿಂದ ಶೇಕಡಾ 0.015ರಷ್ಟು ಕಡಿತ. ಪಿಸ್ಟನ್ ವಿಸ್ತೀರ್ಣ 20 ಡಿಗ್ರಿಗೆ ಕೊಟ್ಟದ್ದು, ಲ್ಯಾಬ್‌ನಲ್ಲಿ 28 ಇದ್ದರೆ ಉಕ್ಕು ಹಿಗ್ಗಿ ಶೇಕಡಾ 0.02ರಷ್ಟು ಕಡಿತ. ಮಿತಿ 0.25 ಇರುವಾಗ ಇವು ತೀರ್ಪು ಬದಲಿಸಲ್ಲ. ಶೇಕಡಾ 0.05ರ ಟ್ರಾನ್ಸ್‌ಮಿಟರ್ ಬಂದರೆ ಎರಡನ್ನೂ ಸೇರಿಸಲೇಬೇಕು, ಆಗ ಮಲ್ಟಿಮೀಟರ್‌ನ ನಿಖರತೆಯೂ ಪ್ರಶ್ನೆಗೆ ಬರುತ್ತೆ.

ಕೊನೆಗೆ ನಾವು ಯಾವ ಸ್ಕ್ರೂವನ್ನೂ ಮುಟ್ಟಲಿಲ್ಲ. ಝೀರೋದ 0.006, ಅಂದರೆ ಶೇಕಡಾ 0.04, ತಿದ್ದಬಹುದಿತ್ತು. ಆದರೆ ಮಿತಿಯೊಳಗಿರೋದನ್ನು ಪ್ರತಿ ಸಲ ತಿದ್ದುತ್ತಾ ಹೋದರೆ, ಈ ಟ್ರಾನ್ಸ್‌ಮಿಟರ್ ವರ್ಷಕ್ಕೆ ಎಷ್ಟು ಸರಿಯುತ್ತೆ ಅನ್ನೋ ದಾಖಲೆಯೇ ಸಿಗಲ್ಲ. ಶೀಟ್‌ನಲ್ಲಿ ಬಂದಾಗ ಇದ್ದದ್ದು, ಕಳಿಸುವಾಗ ಇದ್ದದ್ದು ಎರಡೂ ಕಾಲಂನಲ್ಲಿ ಅದೇ ಅಂಕಿಗಳನ್ನು ಬರೆದು, ಪಕ್ಕದಲ್ಲಿ "ಬಳಸಿದ g: 9.780" ಅಂತ ಸೇರಿಸಿದೆವು. ಮುದ್ರಿತ ಶೀಟ್‌ನಲ್ಲಿ ಅದಕ್ಕೆ ಜಾಗ ಇರಲಿಲ್ಲ, ಅಂಚಿನಲ್ಲಿ ಪೆನ್ನಿನಿಂದ ಬರೆಯಬೇಕಾಯ್ತು.